ಚಿಕ್ಕ ಕನ್ನಡ ಪಠ್ಯದಿಂದ ಪದಗಳ ಆವರ್ತನ ಪಟ್ಟಿ ಮಾಡುವುದು ಹೇಗೆ?

ಒಂದು ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಹೆಚ್ಚು ಬಂದದ್ದನ್ನು ಮೇಲೆ ಇಟ್ಟು ಬರೆದ ಪಟ್ಟಿಗೆ ಆವರ್ತನ ಪಟ್ಟಿ ಎನ್ನುತ್ತಾರೆ. ಒಂದು ಪದ ಮರಳಿ ಮರಳಿ ಬರುವ ಸಂಖ್ಯೆಯೇ ಅದರ ಆವರ್ತನ. ಭಾಷಾವಿಜ್ಞಾನದ ವಿದ್ಯಾರ್ಥಿಗಳು, ಮಕ್ಕಳಿಗೆ ಪಾಠ ಬರೆಯುವ ಮೇಷ್ಟ್ರುಗಳು, ತಮ್ಮ ಬರಹವನ್ನು ತಾವೇ ತಿದ್ದಿಕೊಳ್ಳುವ ಲೇಖಕರು ಇದನ್ನು ಮಾಡುವ ಬಗೆ ಹೇಗೆಂದು ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಗಳಲ್ಲಿ ಎರಡು ದೂರುಗಳು ಸಾಮಾನ್ಯ. ಒಂದು, "ನಾನು ಮಾಡಿದ ಲೆಕ್ಕಕ್ಕೂ ಗೆಳೆಯ ಮಾಡಿದ ಲೆಕ್ಕಕ್ಕೂ ಹೊಂದುವುದಿಲ್ಲ". ಇನ್ನೊಂದು, "ಕಂಪ್ಯೂಟರ್ ಪದಗಳನ್ನೆಲ್ಲ ಚೂರು ಚೂರು ಮಾಡಿ ಕೊಡುತ್ತದೆ". ಎರಡಕ್ಕೂ ಕಾರಣ ಎಣಿಕೆಯಲ್ಲಿಲ್ಲ, ಎಣಿಕೆಗೆ ಮುಂಚಿನ ಕೆಲಸದಲ್ಲಿದೆ. ಅದಕ್ಕೇ ಇಲ್ಲಿ ಒಂದು ಚಿಕ್ಕ ಪಠ್ಯವನ್ನು ಹಿಡಿದು ಮೊದಲಿನಿಂದ ಕೊನೆಯ ತನಕ ಎಣಿಸಿ ತೋರಿಸುತ್ತೇನೆ. ನೀವೂ ಜೊತೆಯಲ್ಲೇ ಎಣಿಸುತ್ತಾ ಬನ್ನಿ, ನಿಮ್ಮ ಸಂಖ್ಯೆಗಳು ಇಲ್ಲಿನವುಗಳಿಗೆ ತಾಳೆಯಾಗಬೇಕು.

ಪಠ್ಯ ಇದು. ಈ ಲೇಖನಕ್ಕೆಂದೇ ಬರೆದದ್ದು:

> ನಮ್ಮ ಊರಿನ ಕೆರೆ ದೊಡ್ಡದು. ಕೆರೆ ತುಂಬಿದರೆ ಊರು ತಣ್ಣಗಿರುತ್ತದೆ, ಕೆರೆ ಬತ್ತಿದರೆ ಊರು ಬಾಡುತ್ತದೆ. ಮಳೆ ಬಂದರೆ ಕೆರೆಗೆ ನೀರು, ಕೆರೆಯಿಂದ ಗದ್ದೆಗೆ ನೀರು, ಗದ್ದೆಯಿಂದ ಮನೆಗೆ ಅನ್ನ. ಹೋದ ವರ್ಷ ಮಳೆ ಬರಲಿಲ್ಲ. ಕೆರೆಯ ನೀರು ಬತ್ತಿತು. ಈ ವರ್ಷ ಮಳೆ ಚೆನ್ನಾಗಿ ಬಂತು. ಕೆರೆ ತುಂಬಿತು, ಕೆರೆಯ ಏರಿ ಮೇಲೆ ಊರಿನ ಜನ ಸೇರಿದರು. “ನೀರು ಇದ್ದರೆ ಊರು” ಎಂದರು ಹಿರಿಯರು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಇಷ್ಟು ಚಿಕ್ಕ ಪಠ್ಯಕ್ಕೆ ಒಂದು ಹಾಳೆ, ಪೆನ್ನು ಸಾಕು. ಒಂದೆರಡು ಪುಟವಾದರೆ ಗೂಗಲ್ ಶೀಟ್ಸ್ ತೆರೆಯಿರಿ. ಪುಸ್ತಕವೇ ಆದರೆ ಪೈಥಾನ್ ಬೇಕು. ಮೂರಕ್ಕೂ ಹಂತಗಳು ಒಂದೇ.

## ಹಂತ 1: ಯಾವುದನ್ನು ಒಂದು ಪದ ಎನ್ನುತ್ತೀರಿ?

ಇದನ್ನು ಎಣಿಸಲು ಕೂರುವ ಮೊದಲೇ ತೀರ್ಮಾನಿಸಿ, ಕಾಗದದ ಮೇಲೆ ಬರೆದಿಡಿ. ಮೇಲಿನ ಪಠ್ಯದಲ್ಲಿ ಕೆರೆ, ಕೆರೆಯ, ಕೆರೆಗೆ, ಕೆರೆಯಿಂದ ಎಂಬ ನಾಲ್ಕು ರೂಪಗಳಿವೆ. ಇವು ನಾಲ್ಕು ಪದಗಳೋ, ಒಂದೇ ಪದವೋ? ನಾಲ್ಕು ಎಂದರೆ "ಕೆರೆ" 4 ಸಲ ಬಂದಿದೆ. ಒಂದೇ ಎಂದರೆ 8 ಸಲ. ಎರಡೂ ಸರಿಯಾದ ಲೆಕ್ಕಗಳೇ, ಪ್ರಶ್ನೆಗಳು ಮಾತ್ರ ಬೇರೆ. ನಿಮಗೂ ನಿಮ್ಮ ಗೆಳೆಯನಿಗೂ ಲೆಕ್ಕ ಹೊಂದದಿರುವುದು ಹೆಚ್ಚಾಗಿ ಇಲ್ಲೇ.

ಪಠ್ಯದಲ್ಲಿ ಕಂಡಂತೆಯೇ ಎಣಿಸುವುದನ್ನು ರೂಪದ ಎಣಿಕೆ ಎನ್ನೋಣ. ಪ್ರತ್ಯಯಗಳನ್ನು, ಎಂದರೆ ಪದದ ಕೊನೆಗೆ ಸೇರುವ -ಅ, -ಗೆ, -ಇಂದ, -ಅಲ್ಲಿ ಮೊದಲಾದವನ್ನು ಕಳಚಿ ಎಣಿಸುವುದನ್ನು ಮೂಲದ ಎಣಿಕೆ ಎನ್ನೋಣ. ಇಂಗ್ಲಿಷಿನಲ್ಲಿ ಈ ಎರಡರ ನಡುವೆ ಅಂತರ ಕಡಿಮೆ. ನಾವು ವಿಭಕ್ತಿ ಪ್ರತ್ಯಯದಿಂದ ಹೇಳುವುದನ್ನು ಅಲ್ಲಿ ಬಿಡಿಯಾದ ಪುಟ್ಟ ಪದಗಳು ಹೇಳುತ್ತವೆ, ಹಾಗಾಗಿ ಆ ಪುಟ್ಟ ಪದಗಳೇ ಪಟ್ಟಿಯ ತುದಿಯಲ್ಲಿ ಕೂರುತ್ತವೆ. ಕನ್ನಡದಲ್ಲಿ ಅವು ಪದಕ್ಕೇ ಅಂಟಿಕೊಂಡು ಬರುವುದರಿಂದ ಒಂದೇ ನಾಮಪದ ಹತ್ತಾರು ರೂಪಗಳಲ್ಲಿ ಚದುರಿಹೋಗುತ್ತದೆ. ಕನ್ನಡ ಪಠ್ಯಕ್ಕೆ ರೂಪದ ಎಣಿಕೆ ಒಂದನ್ನೇ ಮಾಡಿ ಬಿಟ್ಟರೆ ಪಠ್ಯದ ಮುಖ್ಯ ವಸ್ತುವೇ ಪಟ್ಟಿಯಲ್ಲಿ ಕೆಳಗಿಳಿದಿರಬಹುದು. ಆದ್ದರಿಂದ ನನ್ನ ಸಲಹೆ ಇದು: ಮೊದಲು ರೂಪದ ಪಟ್ಟಿ ಮಾಡಿ, ಆಮೇಲೆ ಅದರಿಂದಲೇ ಮೂಲದ ಪಟ್ಟಿ ಕಟ್ಟಿ. ನೇರವಾಗಿ ಮೂಲಕ್ಕೆ ಹೋದರೆ ತಪ್ಪಾದಾಗ ಹಿಂದಿರುಗಿ ನೋಡಲು ಏನೂ ಇರುವುದಿಲ್ಲ.

ಇದರ ಜೊತೆಗೆ ಇನ್ನೂ ಮೂರು ಸಣ್ಣ ತೀರ್ಮಾನಗಳು ಬೇಕು. "ಹೊಲ-ಗದ್ದೆ"ಯಂತೆ ಅಡ್ಡಗೆರೆ ಹಾಕಿ ಜೋಡಿಸಿದ್ದನ್ನು ಒಂದೆನ್ನುತ್ತೀರೋ ಎರಡೆನ್ನುತ್ತೀರೋ? 1995 ಎಂಬಂಥ ಅಂಕಿಗಳನ್ನು ಎಣಿಸುತ್ತೀರೋ ಬಿಡುತ್ತೀರೋ? ಸಂಧಿಯಾಗಿ ಸೇರಿಕೊಂಡ ಪದಗಳನ್ನು ಬಿಡಿಸುತ್ತೀರೋ ಇಲ್ಲವೋ? ನಮ್ಮ ಪಠ್ಯದಲ್ಲಿ "ತಣ್ಣಗಿರುತ್ತದೆ" ಎಂಬುದು ಇಂಥದ್ದು, "ತಣ್ಣಗೆ ಇರುತ್ತದೆ" ಎಂದು ಬಿಡಿಸಿ ಬರೆದಿದ್ದರೆ ಒಟ್ಟು ಪದಗಳ ಸಂಖ್ಯೆಯೇ ಒಂದು ಹೆಚ್ಚುತ್ತಿತ್ತು. ನಾನು ಇಲ್ಲಿ ಇಟ್ಟುಕೊಂಡ ನಿಯಮ: ಲೇಖಕ ಎಲ್ಲಿ ಜಾಗ ಬಿಟ್ಟಿದ್ದಾನೋ ಅಲ್ಲಿ ಮಾತ್ರ ಪದ ಒಡೆಯುತ್ತದೆ.

## ಹಂತ 2: ಪಠ್ಯವನ್ನು ಶುಚಿ ಮಾಡಿ

ಚುಕ್ಕಿ, ಅಲ್ಪವಿರಾಮ, ಅರ್ಧವಿರಾಮ, ಉದ್ಧರಣ ಚಿಹ್ನೆ ಎಲ್ಲವನ್ನೂ ತೆಗೆದು ಆ ಜಾಗದಲ್ಲಿ ಖಾಲಿ ಜಾಗ ಇಡಿ. ಅಳಿಸಿ ಸುಮ್ಮನಾಗಬೇಡಿ, ಖಾಲಿ ಜಾಗ ಇಡಲೇಬೇಕು. ಕೆಲವರು ಅಲ್ಪವಿರಾಮದ ಮುಂದೆ ಜಾಗ ಬಿಡದೆ "ನೀರು,ಕೆರೆಯಿಂದ" ಎಂದು ಟೈಪ್ ಮಾಡಿರುತ್ತಾರೆ. ಅಲ್ಲಿ ಚಿಹ್ನೆಯನ್ನು ಬರಿದೇ ಅಳಿಸಿದರೆ "ನೀರುಕೆರೆಯಿಂದ" ಎಂಬ ಇಲ್ಲದ ಪದ ಹುಟ್ಟುತ್ತದೆ.

ಈ ಹಂತ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಠ್ಯದ "ನೀರು" ಒಳ್ಳೆಯ ಸಾಕ್ಷಿ. ಅದು ಬಂದಿರುವುದು 4 ಸಲ. ಎರಡು ಕಡೆ ಅದರ ಬೆನ್ನಿಗೆ ಅಲ್ಪವಿರಾಮ ಇದೆ, ಒಂದು ಕಡೆ ಮುಂದೆ ಉದ್ಧರಣ ಚಿಹ್ನೆ ಇದೆ, ಒಂದೇ ಒಂದು ಕಡೆ ಬರಿಯ ಪದವಿದೆ. ಶುಚಿ ಮಾಡದೆ ಜಾಗ ನೋಡಿ ಒಡೆದರೆ ಕಂಪ್ಯೂಟರಿಗೆ ಇವು ಮೂರು ಬೇರೆ ಪದಗಳು. ಪಟ್ಟಿಯ ತುದಿಯಲ್ಲಿ ಇರಬೇಕಾದ "ನೀರು" ಒಂದೇ ಸಲ ಬಂದ ಪದಗಳ ಗುಂಪಿಗೆ ಬೀಳುತ್ತದೆ. "ಊರು" ಕೂಡ ಇದೇ ರೀತಿ ಒಡೆದು, 34 ಇರಬೇಕಾದ ಬೇರೆ ಬೇರೆ ರೂಪಗಳು 37 ಆಗುತ್ತವೆ. ನಿಮ್ಮ ಪಟ್ಟಿಯಲ್ಲಿ ಒಂದೇ ಪದ ಎರಡು ಸಾಲುಗಳಲ್ಲಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಕಣ್ಣಿಗೆ ಕಾಣದ ತೊಡಕುಗಳೂ ಇವೆ. ಎರಡನ್ನು ಹೇಳುತ್ತೇನೆ.

ಮೊದಲನೆಯದು, ಅಗೋಚರ ಅಕ್ಷರ. "ಬ್ಯಾಂಕ್‌ನ" ಎಂದು ಬರೆಯುವಾಗ ನ ಒತ್ತಾಗದೆ ಪಕ್ಕದಲ್ಲೇ ನಿಲ್ಲಲಿ ಎಂದು ಕೀಲಿಮಣೆ ಒಂದು ಅಗೋಚರ ಅಕ್ಷರವನ್ನು ನಡುವೆ ಸೇರಿಸುತ್ತದೆ. ಅದರ ಯೂನಿಕೋಡ್ ಸಂಖ್ಯೆ U+200C. ಕೆಲವರ ಕೀಲಿಮಣೆ ಪದದ ಕೊನೆಯಲ್ಲೂ ಇದನ್ನು ಉಳಿಸಿಬಿಡುತ್ತದೆ. ಆಗ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು "ಬ್ಯಾಂಕ್"ಗಳು ಎರಡು ಸಾಲುಗಳಲ್ಲಿ ಬರುತ್ತವೆ. ಎಣಿಕೆಯ ಪ್ರತಿಯಿಂದ ಈ ಅಕ್ಷರವನ್ನು ತೆಗೆದುಬಿಡಿ. ಮೂಲ ಪಠ್ಯವನ್ನು ಮುಟ್ಟಬೇಡಿ, ಅಲ್ಲಿ ಅದಕ್ಕೆ ಕೆಲಸವಿದೆ.

ಎರಡನೆಯದು, ಒಂದೇ ಸ್ವರಚಿಹ್ನೆಯನ್ನು ಎರಡು ರೀತಿಯಲ್ಲಿ ಕೂಡಿಸಿಡುವ ಸಾಧ್ಯತೆ. "ಕೋ" ಎಂಬಲ್ಲಿನ ಓತ್ವ ಯೂನಿಕೋಡಿನಲ್ಲಿ U+0CCB ಎಂಬ ಒಂದೇ ಸಂಕೇತವಾಗಿರಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂಬ ಮೂರು ಸಂಕೇತಗಳ ಸಾಲಾಗಿರಬಹುದು. ತೆರೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಬೇರೆ. ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿದ ಪಠ್ಯದಲ್ಲಿ ಇದು ಆಗುತ್ತದೆ. ಇದಕ್ಕೆ ಮದ್ದು ಏಕರೂಪಗೊಳಿಸುವುದು, ಪೈಥಾನಿನಲ್ಲಿ ಒಂದೇ ಸಾಲಿನ ಕೆಲಸ, ಮುಂದೆ ಕೊಟ್ಟಿದ್ದೇನೆ.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಿಮ್ಮ ಕೈಲಿದ್ದರೆ ಈ ಶುಚಿ ಕೆಲಸಕ್ಕೆ ಇಳಿಯುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಿ. ಗುರುತಿಸುವುದು ಸುಲಭ: ಫಾಂಟ್ ಬದಲಿಸಿದ ಕೂಡಲೇ ಕನ್ನಡ ಮಾಯವಾಗಿ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಪರಿವರ್ತಿಸಿದ ಮೇಲೂ ಒಂದು ಪುಟವನ್ನು ಕಣ್ಣಾರೆ ಓದಿ, ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಿರಬಹುದು.

## ಹಂತ 3: ಒಂದು ಸಾಲಿಗೆ ಒಂದು ಪದ, ಆಮೇಲೆ ಒಟ್ಟು

ಶುಚಿಯಾದ ಪಠ್ಯವನ್ನು ಪದಕ್ಕೊಂದು ಸಾಲಿನಂತೆ ಇಳಿಸಿ, ಸಾಲುಗಳಿಗೆ ಸಂಖ್ಯೆ ಕೊಡಿ. ನಮ್ಮ ಪಠ್ಯದ ಕೊನೆಯ ಪದ "ಹಿರಿಯರು" 47ನೆಯ ಸಾಲಿಗೆ ಬರಬೇಕು. ಈ 47 ಎಂಬ ಸಂಖ್ಯೆಯನ್ನು ಹಾಳೆಯ ಮೇಲೆ ದಪ್ಪಗೆ ಬರೆದಿಡಿ. ಮುಂದಿನ ಎಲ್ಲ ತಪಾಸಣೆಯೂ ಇದರ ಮೇಲೆ ನಿಂತಿದೆ.

ಎರಡು ಮಾತುಗಳನ್ನು ಇಲ್ಲೇ ಬೇರೆ ಮಾಡಿಕೊಳ್ಳಿ. ಪಠ್ಯದಲ್ಲಿ ಬಂದಿರುವ ಎಲ್ಲ ಪದಗಳ ಒಟ್ಟು ಮೊತ್ತ, ಎಂದರೆ 47, ಒಂದು. ಪುನರಾವರ್ತನೆ ಬಿಟ್ಟು ಉಳಿಯುವ ಬೇರೆ ಬೇರೆ ಪದಗಳ ಸಂಖ್ಯೆ ಇನ್ನೊಂದು. ಪಟ್ಟಿಯಲ್ಲಿ ಎಷ್ಟು ಸಾಲುಗಳಿರುತ್ತವೆ ಎಂಬುದನ್ನು ಹೇಳುವುದು ಎರಡನೆಯದು.

## ಹಂತ 4: ಕೈಯಿಂದ ಎಣಿಸುವ ಬಗೆ

ಮೊದಲ ಸಲವಾದರೂ ಕೈಯಿಂದಲೇ ಎಣಿಸಿ. ಯಂತ್ರ ಕೊಟ್ಟ ಪಟ್ಟಿಯಲ್ಲಿ ತಪ್ಪೆಲ್ಲಿದೆ ಎಂದು ಗುರುತಿಸುವ ಕಣ್ಣು ಇದರಿಂದ ಬರುತ್ತದೆ.

ಹೆಚ್ಚಿನವರು "ಕೆರೆ ಎಷ್ಟಿದೆ ನೋಡೋಣ" ಎಂದು ಪಠ್ಯದುದ್ದಕ್ಕೂ ಹುಡುಕುತ್ತಾರೆ, ಆಮೇಲೆ "ನೀರು" ಹುಡುಕುತ್ತಾರೆ. ಹೀಗೆ ಮಾಡಬೇಡಿ. ಪ್ರತಿ ಪದಕ್ಕೂ ಪಠ್ಯವನ್ನು ಪೂರ್ತಿ ಓದಬೇಕಾಗುತ್ತದೆ, ಗಮನಕ್ಕೆ ಬಾರದ ಪದಗಳು ಉಳಿದೇ ಹೋಗುತ್ತವೆ. ಸರಿಯಾದ ದಾರಿ ಇದಕ್ಕೆ ತಿರುವುಮುರುವು: ಸಾಲು 1ರಿಂದ 47ರ ತನಕ ಒಂದೇ ಸಲ ಇಳಿಯಿರಿ, ಎದುರಾದ ಪ್ರತಿ ಪದವನ್ನೂ ಬೇರೊಂದು ಹಾಳೆಯಲ್ಲಿ ಅದರ ಜಾಗದಲ್ಲಿ ಒಂದು ಗೆರೆಯಾಗಿ ದಾಖಲಿಸಿ. ಹೊಸ ಪದವಾದರೆ ಬರೆದು ಪಕ್ಕದಲ್ಲಿ ಒಂದು ಗೆರೆ, ಹಳೆಯದಾದರೆ ಇನ್ನೊಂದು ಗೆರೆ. ನಾಲ್ಕು ಗೆರೆಗಳಾದ ಮೇಲೆ ಐದನೆಯದನ್ನು ಅಡ್ಡಕ್ಕೆ ಎಳೆದು ಕಟ್ಟು ಮಾಡಿ. ಪ್ರತಿ ಪದವನ್ನೂ ಒಮ್ಮೆ ಮಾತ್ರ ಮುಟ್ಟುವುದರಿಂದ ಯಾವುದೂ ತಪ್ಪುವುದಿಲ್ಲ, ಎರಡು ಸಲ ಬೀಳುವುದೂ ಇಲ್ಲ.

ಹಳೆಯ ಪದವೋ ಹೊಸದೋ ಎಂದು ಬೇಗ ಕಂಡುಹಿಡಿಯಲು ಹಾಳೆಯನ್ನು ಮೊದಲಕ್ಷರದ ಪ್ರಕಾರ ಮನೆಗಳಾಗಿ ಭಾಗ ಮಾಡಿಕೊಳ್ಳಿ. ಕ-ದ ಮನೆಯಲ್ಲಿ ಈ ನಾಲ್ಕು ಮಾತ್ರ ಬರುತ್ತವೆ:

```
ಕೆರೆ       ||||
ಕೆರೆಗೆ      |
ಕೆರೆಯಿಂದ   |
ಕೆರೆಯ      ||
```

ಒಟ್ಟು 8 ಗೆರೆ. ಊ-ದ ಮನೆಯಲ್ಲಿ 5, ನ-ದಲ್ಲಿ 5, ಮ-ದಲ್ಲಿ 5, ಬ-ದಲ್ಲಿ 6 ಗೆರೆಗಳಿರಬೇಕು. ಬ-ದಲ್ಲಿ ಆರೂ ಬೇರೆ ಬೇರೆ ರೂಪಗಳು: ಬತ್ತಿದರೆ, ಬಾಡುತ್ತದೆ, ಬಂದರೆ, ಬರಲಿಲ್ಲ, ಬತ್ತಿತು, ಬಂತು. "ಬತ್ತಿದರೆ"ಯನ್ನೂ "ಬತ್ತಿತು"ವನ್ನೂ ಇಲ್ಲೇ ಸೇರಿಸಿಬಿಡೋಣ ಎನ್ನಿಸುತ್ತದೆ. ಬೇಡ. ಈಗ ನಡೆಯುತ್ತಿರುವುದು ರೂಪದ ಎಣಿಕೆ, ಮೂಲದ ಕೆಲಸಕ್ಕೆ ಮುಂದೆ ಹಂತವಿದೆ. ಎರಡು ನಿಯಮ ಬೆರೆತ ಪಟ್ಟಿಯನ್ನು ಸರಿಪಡಿಸಲು ಆಗುವುದಿಲ್ಲ, ಮತ್ತೆ ಮೊದಲಿನಿಂದಲೇ ಎಣಿಸಬೇಕು.

## ಹಂತ 5: ಎಣಿಕೆಯ ಪ್ರಕಾರ ಜೋಡಿಸಿ

ಗೆರೆಗಳನ್ನು ಅಂಕಿಗಳಾಗಿ ಬರೆದು, ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಇಳಿಯಿರಿ. ಸಮ ಬಂದವನ್ನು ಯಾವ ಕ್ರಮದಲ್ಲಿ ಇಡುತ್ತೀರಿ ಎಂಬುದನ್ನೂ ಮೊದಲೇ ನಿಶ್ಚಯಿಸಿ. ಅಕಾರಾದಿ ಇಡಬಹುದು, ಪಠ್ಯದಲ್ಲಿ ಮೊದಲು ಬಂದದ್ದನ್ನು ಮೊದಲು ಇಡಬಹುದು. ನಾನು ಅಕಾರಾದಿಯನ್ನೇ ಇಟ್ಟುಕೊಳ್ಳುತ್ತೇನೆ, ಪಟ್ಟಿಯಲ್ಲಿ ಪದ ಹುಡುಕಲು ಅದೇ ಅನುಕೂಲ.

| ಪದರೂಪ | ಎಷ್ಟು ಸಲ |
|---|---|
| ಕೆರೆ | 4 |
| ನೀರು | 4 |
| ಊರು | 3 |
| ಮಳೆ | 3 |
| ಊರಿನ | 2 |
| ಕೆರೆಯ | 2 |
| ವರ್ಷ | 2 |
| ಉಳಿದ 27 ರೂಪಗಳು | ತಲಾ 1 |

ಈಗ ತಾಳೆ ನೋಡಿ. ಮೇಲಿನ ಏಳು ಸಾಲುಗಳ ಮೊತ್ತ 20. ಒಂದೇ ಸಲ ಬಂದವು 27. ಕೂಡಿದರೆ 47, ಹಂತ 3ರಲ್ಲಿ ಬರೆದಿಟ್ಟ ಸಂಖ್ಯೆಯೇ. ಬೇರೆ ಬೇರೆ ರೂಪಗಳು 7 ಮತ್ತು 27 ಸೇರಿ 34. ಮೊತ್ತ ಒಂದು ಕಡಿಮೆ ಬಂದರೆ ಎಲ್ಲೋ ಒಂದು ಗೆರೆ ಬಿಟ್ಟುಹೋಗಿದೆ. ಹೆಚ್ಚು ಬಂದರೆ ಒಂದು ಸಾಲನ್ನು ಎರಡು ಸಲ ದಾಖಲಿಸಿದ್ದೀರಿ. ಮೊದಲಕ್ಷರದ ಮನೆಗಳಿದ್ದರೆ ಯಾವ ಮನೆಯಲ್ಲಿ ತಪ್ಪಿದೆ ಎಂದು ಹುಡುಕುವುದು ಕಷ್ಟವಲ್ಲ.

ಇಲ್ಲಿ "ಕೆರೆ"ಯೂ "ನೀರು" ಎಂಬುದೂ ಸರಿಸಮ ನಿಂತಿವೆ. ಪಠ್ಯ ಓದಿದ ಯಾರಿಗೂ ಇದು ಕೆರೆಯ ಬಗೆಗಿನ ಪಠ್ಯ ಎಂದು ಗೊತ್ತು, ಪಟ್ಟಿಗೆ ಮಾತ್ರ ಇನ್ನೂ ಗೊತ್ತಿಲ್ಲ.

## ಹಂತ 6: ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸ

ಪಠ್ಯವನ್ನು ಪೂರ್ತಿಯಾಗಿ A1 ಮನೆಯಲ್ಲಿ ಅಂಟಿಸಿ. ಅಂಟಿಸುವಾಗ ಮನೆಯನ್ನು ಎರಡು ಸಲ ಒತ್ತಿ ಒಳಗೆ ಹೋಗಿಯೇ ಅಂಟಿಸಿ, ಇಲ್ಲವಾದರೆ ಪ್ಯಾರಾಗಳು ಬೇರೆ ಬೇರೆ ಮನೆಗಳಿಗೆ ಹಂಚಿಹೋಗುತ್ತವೆ. A2ರಲ್ಲಿ ಚಿಹ್ನೆಗಳನ್ನು ತೆಗೆಯಿರಿ:

```
=REGEXREPLACE(A1,"[.,;:!?“”‘’()\n]"," ")
```

ನಿಮ್ಮ ಪಠ್ಯದಲ್ಲಿ ಬೇರೆ ಚಿಹ್ನೆಗಳಿದ್ದರೆ ಚೌಕ ಆವರಣದೊಳಗೆ ಸೇರಿಸಿ. ಬಾಗಿಲ್ಲದ ನೇರ ಉದ್ಧರಣ ಚಿಹ್ನೆಯನ್ನು ಸೇರಿಸುವುದಾದರೆ ಅದನ್ನು ಎರಡು ಸಲ ಬರೆಯಬೇಕು, ಒಂದೇ ಬರೆದರೆ ಸೂತ್ರ ಅಲ್ಲಿಗೇ ಮುಗಿಯಿತೆಂದು ಶೀಟ್ಸ್ ತಿಳಿಯುತ್ತದೆ. ಮುಂದೆ C2ರಲ್ಲಿ ಪದಗಳನ್ನು ಕೆಳಕ್ಕೆ ಇಳಿಸಿ, E2ರಲ್ಲಿ ಬೇರೆ ಬೇರೆ ರೂಪಗಳನ್ನು ಪಡೆಯಿರಿ, F2ರಲ್ಲಿ ಎಣಿಸಿ:

```
C2:  =TRANSPOSE(SPLIT(A2," "))
E2:  =UNIQUE(C2:C48)
F2:  =COUNTIF(C$2:C$48,E2)
```

47 ಪದಗಳಿರುವುದರಿಂದ C ಕಂಬ 48ನೆಯ ಸಾಲಿಗೆ ಮುಗಿಯುತ್ತದೆ. F2ರ ಸೂತ್ರವನ್ನು F35ರ ತನಕ ಎಳೆಯಿರಿ. ಸೂತ್ರದಲ್ಲಿರುವ ಡಾಲರ್ ಗುರುತನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕೆಳಗೆ ಎಳೆದಂತೆಲ್ಲ ಎಣಿಸುವ ವ್ಯಾಪ್ತಿಯೂ ಒಂದೊಂದು ಸಾಲು ಜಾರುತ್ತದೆ, ಪಠ್ಯದ ಆರಂಭದ ಪದಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ತಪ್ಪು ಬಂದಂತೆ ಕಾಣುವುದೂ ಇಲ್ಲ, ಸಂಖ್ಯೆಗಳು ಸುಮ್ಮನೆ ಕಡಿಮೆ ಬರುತ್ತವೆ. ಹಾಗಾಗಿ ಒಂದು ಖಾಲಿ ಮನೆಯಲ್ಲಿ `=SUM(F2:F35)` ಹಾಕಿ 47 ಬಂತೇ ಎಂದು ನೋಡಿಯೇ ಮುಂದೆ ಹೋಗಿ.

ಜೋಡಣೆಗೆ I2ರಲ್ಲಿ ಇದನ್ನು ಬರೆಯಿರಿ:

```
=SORT(E2:F35,2,FALSE,1,TRUE)
```

ಇದರ ಅರ್ಥ: ಎರಡನೆಯ ಕಂಬವನ್ನು, ಎಂದರೆ ಎಣಿಕೆಯನ್ನು, ಇಳಿಕೆ ಕ್ರಮದಲ್ಲಿ ಜೋಡಿಸು, ಸಮ ಬಂದರೆ ಮೊದಲನೆಯ ಕಂಬದ ಪದಗಳನ್ನು ಏರಿಕೆ ಕ್ರಮದಲ್ಲಿಡು. ಎರಡೂ ಕಂಬಗಳನ್ನು ನಕಲಿಸಿ ಮೌಲ್ಯಗಳಾಗಿ ಅಂಟಿಸಿಕೊಂಡು ಮೆನುವಿನಿಂದ ಜೋಡಿಸಲು ಹೊರಟವರು ಎಡವುವುದು ಎಣಿಕೆಯ ಕಂಬವೊಂದನ್ನೇ ಆಯ್ದು ಜೋಡಿಸಿದಾಗ. ಅಂಕಿಗಳು ಮೇಲೆ ಹೋಗುತ್ತವೆ, ಪದಗಳು ಇದ್ದಲ್ಲೇ ಇರುತ್ತವೆ, "ನಮ್ಮ" ಎಂಬುದಕ್ಕೆ 4 ಬಂದು ಕೂರುತ್ತದೆ. ಎರಡೂ ಕಂಬಗಳನ್ನು ಒಟ್ಟಿಗೆ ಆಯ್ದುಕೊಳ್ಳಬೇಕು. ಇನ್ನು 10 ಎಂಬುದು 2ಕ್ಕಿಂತ ಕೆಳಗೆ ಬಂದು ನಿಂತರೆ, ಅಂಕಿಗಳು ಅಂಕಿಗಳಾಗಿ ಅಲ್ಲ, ಅಕ್ಷರಗಳಾಗಿ ದಾಖಲಾಗಿವೆ ಎಂದರ್ಥ. ಬೇರೆ ಕಡೆಯಿಂದ ನಕಲಿಸಿ ತಂದ ಪಟ್ಟಿಯಲ್ಲಿ ಹೀಗಾಗುತ್ತದೆ, ಕಂಬದ ಸ್ವರೂಪವನ್ನು ಸಂಖ್ಯೆ ಎಂದು ಬದಲಿಸಿ.

ವೆಬ್‌ನಿಂದ ನಕಲಿಸಿದ ಪಠ್ಯದಲ್ಲಿ ಎರಡು ಪದಗಳು ಒಂದೇ ಮನೆಯಲ್ಲಿ ಅಂಟಿಕೊಂಡು ಉಳಿದರೆ ನಡುವೆ ಇರುವುದು ಮಾಮೂಲಿ ಖಾಲಿ ಜಾಗವಲ್ಲ, ಸಾಲು ಮುರಿಯದಂತೆ ತಡೆಯುವ ಬೇರೊಂದು ಜಾಗ. ಅದನ್ನೇ ನಕಲಿಸಿ, ಹುಡುಕಿ-ಬದಲಿಸು ಸೌಲಭ್ಯದಿಂದ ಮಾಮೂಲಿ ಜಾಗವಾಗಿ ಮಾಡಿ.

## ಹಂತ 7: ಮೂಲದ ಪಟ್ಟಿ

ಇದನ್ನು ಯಂತ್ರಕ್ಕೆ ಬಿಡದೆ ನೀವೇ ಮಾಡಿ. 34 ರೂಪಗಳ ಎದುರು G ಕಂಬದಲ್ಲಿ ಪ್ರತಿಯೊಂದರ ಮೂಲ ಬರೆಯಿರಿ: ಕೆರೆಯಿಂದ ಎಂಬುದರ ಎದುರು ಕೆರೆ, ಬಂತು ಮತ್ತು ಬರಲಿಲ್ಲ ಎಂಬವುಗಳ ಎದುರು ಬರು, ಎಂದರು ಎಂಬುದರ ಎದುರು ಎನ್ನು. ಬದಲಾವಣೆ ಇಲ್ಲದವಕ್ಕೆ ಅದೇ ಪದವನ್ನು ಮತ್ತೆ ಬರೆಯಿರಿ, ಖಾಲಿ ಬಿಡಬೇಡಿ. ಆಮೇಲೆ ಮೂಲಗಳ ಪ್ರಕಾರ ಎಣಿಕೆ ಕೂಡಿಸಿ:

```
L2:  =UNIQUE(G2:G35)
M2:  =SUMIF(G$2:G$35,L2,F$2:F$35)
```

ಎಳೆದು ಜೋಡಿಸಿದಾಗ ಸಿಗುವುದು ಇದು:

| ಮೂಲ | ಎಷ್ಟು ಸಲ | ಸೇರಿದ ರೂಪಗಳು |
|---|---|---|
| ಕೆರೆ | 8 | ಕೆರೆ, ಕೆರೆಯ, ಕೆರೆಗೆ, ಕೆರೆಯಿಂದ |
| ಊರು | 5 | ಊರು, ಊರಿನ |
| ನೀರು | 4 | ನೀರು |
| ಬರು | 3 | ಬಂದರೆ, ಬರಲಿಲ್ಲ, ಬಂತು |
| ಮಳೆ | 3 | ಮಳೆ |
| ಗದ್ದೆ | 2 | ಗದ್ದೆಗೆ, ಗದ್ದೆಯಿಂದ |
| ತುಂಬು | 2 | ತುಂಬಿದರೆ, ತುಂಬಿತು |
| ಬತ್ತು | 2 | ಬತ್ತಿದರೆ, ಬತ್ತಿತು |
| ವರ್ಷ | 2 | ವರ್ಷ |
| ಉಳಿದ 16 | ತಲಾ 1 | |

ಮೊತ್ತ 31 ಮತ್ತು 16, ಮತ್ತೆ 47. ಸಾಲುಗಳು 34ರಿಂದ 25ಕ್ಕೆ ಇಳಿದಿವೆ. ಕೆರೆ ಈಗ ಒಂಟಿಯಾಗಿ ತುದಿಯಲ್ಲಿದೆ, ಊರು ನೀರನ್ನು ದಾಟಿದೆ. ರೂಪದ ಪಟ್ಟಿಯಲ್ಲಿ ಎಲ್ಲೂ ತಲೆಯೆತ್ತದ "ಬರು" ಮಳೆಯ ಪಕ್ಕಕ್ಕೆ ಬಂದು ನಿಂತಿದೆ. ಬಂದರೆ, ಬರಲಿಲ್ಲ, ಬಂತು ಎಂಬ ಮೂರಕ್ಕೂ ಪಠ್ಯದಲ್ಲಿ ಕರ್ತೃ ಮಳೆಯೇ, ಹಾಗಾಗಿ ಎರಡೂ ಮೂರು ಮೂರು ಸಲ ಬಂದಿವೆ. ತುಂಬು-ಬತ್ತು ಸಹ ಜೋಡಿಯಾಗಿ ಕಾಣಿಸಿವೆ. ಕನ್ನಡ ಪಠ್ಯದ ಒಳಗಿನ ಹೆಣಿಗೆ ಹೀಗೆ ಮೂಲದ ಪಟ್ಟಿಯಲ್ಲಿ ಮಾತ್ರ ಹೊರಬೀಳುತ್ತದೆ, ಅದಕ್ಕಾಗಿಯೇ ಈ ಹಂತದ ಶ್ರಮವನ್ನು ಉಳಿಸಲು ಹೋಗಬೇಡಿ ಎಂದು ಒತ್ತಿ ಹೇಳುವುದು.

ಮೂರನೆಯ ಕಂಬವನ್ನು, ಎಂದರೆ ಸೇರಿದ ರೂಪಗಳನ್ನು, ಪಟ್ಟಿಯಲ್ಲೇ ಉಳಿಸಿ. ನೀವು ಯಾವುದನ್ನು ಯಾವುದರೊಳಗೆ ಸೇರಿಸಿದಿರಿ ಎಂದು ನೋಡುವವರಿಗೆ ತಿಳಿಯಬೇಕು.

ಇಲ್ಲಿ ಕಷ್ಟ ಕೊಡುವ ಪದಗಳು ಮೂರಿವೆ. "ಏರಿ" ಎಂದರೆ ಕೆರೆಯ ದಂಡೆಯೂ ಹೌದು, ಹತ್ತಿ ಎಂಬರ್ಥದ ಕ್ರಿಯೆಯೂ ಹೌದು. ನಮ್ಮ ಪಠ್ಯದಲ್ಲಿ ಅದು ದಂಡೆ, ಹಾಗಾಗಿ ಮೂಲವೂ "ಏರಿ". ಯಾರಾದರೂ "ಮರ ಏರಿ" ಎಂದೂ ಬರೆದಿದ್ದರೆ ಎರಡೂ ಒಂದೇ ಸಾಲಿಗೆ ಬಿದ್ದಿರುತ್ತಿದ್ದವು. ಇಂಥ ಪದ ಸಿಕ್ಕಾಗ C ಕಂಬಕ್ಕೆ ಹಿಂದಿರುಗಿ, "ಏರಿ-1", "ಏರಿ-2" ಎಂದು ಗುರುತು ಹಾಕಿ ಬೇರೆ ಮಾಡಬೇಕು. ಸೂತ್ರದಿಂದ ಬಂದ ಪದಗಳನ್ನು ಹಾಗೆ ತಿದ್ದಲು ಬರುವುದಿಲ್ಲ, ಮೊದಲು C ಕಂಬವನ್ನು ನಕಲಿಸಿ ಮೌಲ್ಯಗಳಾಗಿ ಅಂಟಿಸಿಕೊಳ್ಳಿ. "ಹೋದ" ಎಂಬುದು ವ್ಯಾಕರಣದ ಪ್ರಕಾರ ಹೋಗು ಧಾತುವಿನದು, ಆದರೆ "ಹೋದ ವರ್ಷ"ದಲ್ಲಿ ಅದರ ಅರ್ಥ ಕಳೆದ. ನಾನು ಹೋಗು ಎಂದೇ ಇಟ್ಟಿದ್ದೇನೆ, ಅರ್ಥದ ಮೇಲೆ ವಿಂಗಡಿಸುವವರು ಬೇರೆ ಇಡಬಹುದು. ಮೂರನೆಯದು "ತಣ್ಣಗಿರುತ್ತದೆ". ಬಿಡಿಸಿದರೆ ಇರು 2 ಆಗುತ್ತದೆ, ಏಕೆಂದರೆ "ಇದ್ದರೆ" ಎಂಬುದೂ ಅದರದೇ ರೂಪ. ಒಟ್ಟು 48 ಆಗುತ್ತದೆ. ಹಂತ 1ರ ನಿಯಮದಂತೆ ನಾನು ಬಿಡಿಸಿಲ್ಲ.

## ಹಂತ 8: ಉದ್ದ ಪಠ್ಯಕ್ಕೆ ಪೈಥಾನ್

ಪಠ್ಯವನ್ನು `kere.txt` ಎಂದು ಯುಟಿಎಫ್-8 ರೂಪದಲ್ಲಿ ಉಳಿಸಿ ಇದನ್ನು ಓಡಿಸಿ:

```python
import re, unicodedata
from collections import Counter

text = open("kere.txt", encoding="utf-8").read()
text = unicodedata.normalize("NFC", text)
text = re.sub("[\u200c\u200d]", "", text)
words = re.findall("[\u0c80-\u0cff]+", text)
counts = Counter(words)

for w, n in sorted(counts.items(), key=lambda x: (-x[1], x[0])):
    print(n, w, sep="\t")
print(len(words), len(counts))
```

`normalize` ಇರುವ ಸಾಲು ಹಂತ 2ರಲ್ಲಿ ಹೇಳಿದ ಓತ್ವದಂಥವನ್ನು ಏಕರೂಪಕ್ಕೆ ತರುತ್ತದೆ, ಮುಂದಿನದು ಅಗೋಚರ ಅಕ್ಷರಗಳನ್ನು ತೆಗೆಯುತ್ತದೆ. ಕೊನೆಯ ಸಾಲಿನಲ್ಲಿ `47 34` ಎಂದು ಬರಬೇಕು.

`findall` ಸಾಲಿನ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕು. ಕಲಿಕೆಯ ಪುಸ್ತಕಗಳಲ್ಲಿ ಪದ ಹುಡುಕಲು `\w+` ಎಂದು ಕೊಟ್ಟಿರುತ್ತಾರೆ. ಪೈಥಾನಿನ `re` ಕನ್ನಡದ ಸ್ವರಚಿಹ್ನೆಗಳನ್ನೂ ಹಲಂತ ಚಿಹ್ನೆಯನ್ನೂ ಅಕ್ಷರವೆಂದು ಒಪ್ಪುವುದಿಲ್ಲ, ಅವು ಬಂದಲ್ಲಿ ಪದವನ್ನು ಕತ್ತರಿಸಿಬಿಡುತ್ತದೆ. "ಕೆರೆ" ಎಂಬುದು "ಕ", "ರ" ಎಂದು ಎರಡಾಗುತ್ತದೆ, "ಮಳೆ" ಎಂಬುದು "ಮಳ" ಆಗುತ್ತದೆ, "ಕನ್ನಡ" ಎಂಬುದು "ಕನ", "ನಡ" ಆಗುತ್ತದೆ. ಲೇಖನದ ಆರಂಭದಲ್ಲಿ ಹೇಳಿದ ಚೂರು ಚೂರಿನ ದೂರಿಗೆ ಕಾರಣ ಇದೇ. ಪಟ್ಟಿಯ ತುದಿಯಲ್ಲಿ "ರ", "ನ", "ದ" ಎಂಬ ಒಂಟಿ ಅಕ್ಷರಗಳು ತುಂಬಿದ್ದರೆ ಅನುಮಾನವೇ ಬೇಡ. ಮೇಲಿನ ಕೋಡಿನಲ್ಲಿ ಯೂನಿಕೋಡಿನ ಕನ್ನಡ ವಿಭಾಗವನ್ನೇ, 0C80ರಿಂದ 0CFFರ ತನಕ, ಹೆಸರಿಸಿರುವುದರಿಂದ ಈ ತೊಂದರೆ ಇಲ್ಲ. ಆದರೆ ರೋಮನ್ ಅಕ್ಷರದ ಪದಗಳೂ 1995ರಂಥ ಅಂಕಿಗಳೂ ಲೆಕ್ಕದಿಂದ ಹೊರಗುಳಿಯುತ್ತವೆ. "1995ರಲ್ಲಿ" ಎಂಬುದರಿಂದ "ರಲ್ಲಿ" ಎಂಬ ಬಾಲವೊಂದು ಉಳಿದು ಪದದಂತೆ ಎಣಿಕೆಗೆ ಬರುತ್ತದೆ. ಅಂಕಿಗಳು ಹೆಚ್ಚಿರುವ ಪಠ್ಯವಾದರೆ ಚೌಕ ಆವರಣದೊಳಗೆ `0-9` ಸೇರಿಸಿ.

ಈ ಕೋಡಿನ ಅಕಾರಾದಿಯೂ ನಮ್ಮ ಅಕಾರಾದಿಯಲ್ಲ, ಯೂನಿಕೋಡ್ ಸಂಖ್ಯೆಗಳ ಕ್ರಮ. ಅಲ್ಲಿ ಳ ಅಕ್ಷರ ಲ ಆದ ಮೇಲೆ, ವ ಬರುವ ಮೊದಲೇ ಇದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹ ಆದ ಮೇಲೆ. ಸಮ ಎಣಿಕೆಯ ಪದಗಳ ನಡುವೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ, ಎಣಿಕೆಗೆ ಏನೂ ಆಗುವುದಿಲ್ಲ.

## ಪಟ್ಟಿಯನ್ನು ಬೇರೆಯವರಿಗೆ ಕೊಡುವಾಗ

ಶೇಕಡಾ ಸೇರಿಸಿ ಎಂದು ಕೇಳುವವರಿದ್ದಾರೆ. ಕೆರೆ ರೂಪವಾಗಿ 47ರಲ್ಲಿ 4, ಸುಮಾರು ಶೇ. 8.5. ಮೂಲವಾಗಿ 47ರಲ್ಲಿ 8, ಸುಮಾರು ಶೇ. 17. ಇಷ್ಟು ಚಿಕ್ಕ ಪಠ್ಯದಲ್ಲಿ ಒಂದು ಪದ ಹೆಚ್ಚು ಕಡಿಮೆಯಾದರೆ ಶೇಕಡಾ ಎರಡರಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಚಿಕ್ಕ ಪಠ್ಯಕ್ಕೆ ಸಂಖ್ಯೆಗಳನ್ನೇ ಕೊಡಿ. ಬೇರೆ ಬೇರೆ ಉದ್ದದ ಎರಡು ಪಠ್ಯಗಳನ್ನು ಹೋಲಿಸುವಾಗ ಮಾತ್ರ ಶೇಕಡಾಕ್ಕೆ ಹೋಗಿ, ಆಗಲೂ ಒಟ್ಟು ಪದಗಳ ಸಂಖ್ಯೆಯನ್ನು ಪಕ್ಕದಲ್ಲೇ ಬರೆಯಿರಿ.

ಪಠ್ಯ ಉದ್ದವಾದಂತೆ "ಮತ್ತು", "ಈ", "ಎಂದು", "ಆ" ಮುಂತಾದ ಪದಗಳು ತುದಿಗೆ ಏರುತ್ತವೆ. ವಸ್ತುವನ್ನು ಹುಡುಕುತ್ತಿದ್ದರೆ ಅವುಗಳನ್ನು ಬಿಡಬಹುದು, ಬರಹದ ಶೈಲಿಯನ್ನು ನೋಡುತ್ತಿದ್ದರೆ ಬಿಡಕೂಡದು. ಬಿಟ್ಟರೆ ಯಾವ ಪದಗಳನ್ನು ಬಿಟ್ಟಿರಿ ಎಂಬುದನ್ನು ಪಟ್ಟಿಯ ಕೆಳಗೆ ಹೆಸರಿಸಿ. ಅವುಗಳನ್ನು ತೆಗೆಯುವುದು ಎಣಿಕೆ ಪೂರ್ತಿ ಮುಗಿದು ಮೊತ್ತ ತಾಳೆಯಾದ ಮೇಲೆಯೇ. ಮೊದಲೇ ತೆಗೆದರೆ ಹಂತ 3ರ ಒಟ್ಟು ಸಂಖ್ಯೆ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಪಟ್ಟಿಯ ತಲೆಯ ಮೇಲೆ ನಾಲ್ಕು ಸಾಲು ಬರೆಯಿರಿ: ಯಾವ ಪಠ್ಯ, ಒಟ್ಟು ಎಷ್ಟು ಪದ, ರೂಪದ ಎಣಿಕೆಯೋ ಮೂಲದ್ದೋ, ಸಂಧಿ ಮತ್ತು ಅಂಕಿಗಳಿಗೆ ಇಟ್ಟ ನಿಯಮವೇನು. ನಿಮ್ಮ ಗೆಳೆಯನ ಲೆಕ್ಕ ಮತ್ತೆ ಹೊಂದದೇ ಹೋದರೆ ಇಬ್ಬರೂ ಮೊದಲು ಈ ನಾಲ್ಕು ಸಾಲುಗಳನ್ನು ಹೋಲಿಸಿ, ಆಮೇಲೆ ಅಂಕಿಗಳಿಗೆ ಬನ್ನಿ.